ಆರುನೂರು ಚೀಲ ಎಲ್ಲಿ ಹೋಯಿತು?

ತೆರಿಗೆ ಲೆಕ್ಕಪರಿಶೋಧನೆಯ ಅಭ್ಯಾಸ ಪಾಠಕ್ಕೆ ನಾನು ಕಲಂ ಸಂಖ್ಯೆಯನ್ನು ಬಿಟ್ಟು ಆಲೂಗಡ್ಡೆಯನ್ನು ಹಿಡಿದೆ. ಬೂವನಹಳ್ಳಿ ಕಡೆಯ ಮಕ್ಕಳಿಗೆ ಹಾಸನದ ಆಲೂಗಡ್ಡೆ ವ್ಯಾಪಾರ ಹೊಸದಲ್ಲ.

ಕಲ್ಪಿತ ವ್ಯಾಪಾರಿಯೊಬ್ಬ ವರ್ಷದಲ್ಲಿ 16,000 ಚೀಲ ಕೊಂಡ. ಚೀಲಕ್ಕೆ 1,500 ರೂಪಾಯಿಯಂತೆ 15,000 ಮಾರಿದ, ವಹಿವಾಟು 2.25 ಕೋಟಿ. ಮಾರ್ಚ್ 31ಕ್ಕೆ ಉಳಿದದ್ದು 400. ಮಿಕ್ಕ 600 ಕೊಳೆತುಹೋಯಿತು ಎಂದು ಪುಸ್ತಕದಲ್ಲಿದೆ.

"ಲೆಕ್ಕ ಅವನೇ ಬರೆದಿದ್ದಾನಲ್ಲ ಸಾರ್, ಸಾಲದೇ?" ಎಂದಳು ಒಬ್ಬ ವಿದ್ಯಾರ್ಥಿನಿ. ಪಾಠದ ತಿರುಳೇ ಈ ಪ್ರಶ್ನೆ. ಆ 600 ಚೀಲವನ್ನು ನಗದಿಗೆ ಮಾರಿ ಮುಚ್ಚಿಟ್ಟಿದ್ದರೆ 9 ಲಕ್ಷ ರೂಪಾಯಿಯ ಮಾರಾಟವೇ ಲೆಕ್ಕದಿಂದ ಹೊರಗೆ. ಪ್ರತಿ ಅಂಗಡಿಯ ಗೋದಾಮನ್ನೂ ತೆರಿಗೆ ಅಧಿಕಾರಿ ನೋಡಲಾರ. ಅದಕ್ಕೇ ಚಾರ್ಟರ್ಡ್ ಅಕೌಂಟೆಂಟ್ ಖರೀದಿ ಚೀಟಿ, ತೂಕದ ಚೀಟಿ, ಸರಕು ಪುಸ್ತಕಗಳನ್ನು ತಾಳೆ ನೋಡಿ, ಕೊರತೆಯನ್ನೂ ಸೇರಿಸಿ ಪ್ರಮಾಣದ ವಿವರವನ್ನು ನಿಗದಿತ ನಮೂನೆಯಲ್ಲಿ ಕೊಡಬೇಕು. ಹಿಂದಿನ ವರ್ಷಗಳಲ್ಲಿ ನೂರಕ್ಕೆ ಒಂದು ಕೊಳೆತು ಈ ವರ್ಷ ನಾಲ್ಕರ ಹತ್ತಿರ ಬಂದಿದ್ದರೆ ಕಾರಣ ಕೇಳುತ್ತಾರೆ. ಸಹಿ ಹಾಕುವವರು ವ್ಯಾಪಾರಿಯ ಸಂಬಂಧಿಯಾಗಲಿ ನೌಕರರಾಗಲಿ ಆಗಿರಬಾರದು.

1961ರ ಆದಾಯ ತೆರಿಗೆ ಕಾಯ್ದೆಗೆ ಈ ನಿಯಮ 1984ರಲ್ಲಿ, 44ಎಬಿ ಕಲಮಾಗಿ ಸೇರಿತು. ಆಗ ವ್ಯಾಪಾರದ ಮಿತಿ 40 ಲಕ್ಷ. ಮುಂದೆ ಅದು ಸಾಮಾನ್ಯವಾಗಿ 1 ಕೋಟಿಯಾಯಿತು. 2021ರ ತಿದ್ದುಪಡಿಯಿಂದ, ನಗದು ಜಮೆಯೂ ನಗದು ಪಾವತಿಯೂ ತಲಾ ಶೇಕಡಾ 5 ಮೀರದವರಿಗೆ 10 ಕೋಟಿ. ಬ್ಯಾಂಕಿನ ಹಣ ತಾನೇ ಗುರುತು ಬಿಡುತ್ತದೆ, ನಗದು ಬಿಡುವುದಿಲ್ಲ. ರೈತರಿಗೆ ಹೆಚ್ಚಾಗಿ ನಗದನ್ನೇ ಎಣಿಸುವ ನಮ್ಮ ವ್ಯಾಪಾರಿಗೆ ಆ ರಿಯಾಯಿತಿ ಸಿಗದು.

ಮಂಡಿಯ ದಲ್ಲಾಳಿಯ ಕಥೆ ಬೇರೆ. ರೈತನ ಪರವಾಗಿ ಮಾರಿಕೊಡುವವನಿಗೆ ಕಮಿಷನ್ ಮಾತ್ರ ವಹಿವಾಟು, ಚೀಲದ ಬೆಲೆಯಲ್ಲ.