ಮೆಸೇಜ್ ಲಿಸ್ಟಿನ ನಾಡಿ ಹಿಡಿಯುವುದು ಹೇಗೆ?

ಗಾಂಧಿ ಬಜಾರಿನಲ್ಲೊಂದು ಸೀರೆ ಅಂಗಡಿ ಎಂದಿಟ್ಟುಕೊಳ್ಳಿ. ಗೌರಿ ಹಬ್ಬದ ರಿಯಾಯಿತಿಗೆ 5,000 ನಂಬರಿಗೆ ಎಸ್ಸೆಮ್ಮೆಸ್ ಕಳಿಸಿದರು. 4,000 ತಲುಪಿತು, 120 ಜನ ಲಿಂಕ್ ಒತ್ತಿದರು, 40 ಜನ ‘ಇನ್ನು ಕಳಿಸಬೇಡಿ’ ಎಂದರು. ಲಿಸ್ಟು ಗಟ್ಟಿಯೋ, ಜೊಳ್ಳೋ?

1. ಮೊದಲು ಡಿಎನ್‌ಡಿ ಕಳೆಯಿರಿ. 1909ಕ್ಕೆ ಹೇಳಿ ಜಾಹೀರಾತು ಬೇಡವೆಂದವರ ನಂಬರನ್ನು ಸಂದೇಶ ಹೊರಡುವ ಮುಂಚೆಯೇ ಜರಡಿ ಹಿಡಿದು ತೆಗೆಯುತ್ತಾರೆ. ಇಲ್ಲಿ ಅಂಥವು 600. ಉಳಿದ 4,400ರಲ್ಲಿ 4,000 ತಲುಪಿದೆ ಅಂದರೆ ಸುಮಾರು 91%. 80% ಎಂದು ಗಾಬರಿಯಾಗುವ ಅಗತ್ಯವಿರಲಿಲ್ಲ.

2. ನಂಬರು ಎಲ್ಲಿಂದ ಬಂತೆಂದು ನೋಡಿ ಲಿಸ್ಟ್ ಒಡೆಯಿರಿ. ನಿಜಸ್ಥಿತಿ ಕಾಣುವುದು ಇಲ್ಲೇ. ಬಿಲ್ ಕೌಂಟರಿನಲ್ಲಿ ಪಡೆದ 3,000 ನಂಬರಿನಲ್ಲಿ ಡಿಎನ್‌ಡಿ ಕಳೆದು 2,700 ಉಳಿದವು. 2,600 ತಲುಪಿ, 104 ಜನ ಲಿಂಕ್ ಒತ್ತಿದರು, 8 ಜನ ಬೇಡವೆಂದರು. ಕಡಲೆಕಾಯಿ ಪರಿಷೆಯ ನೂಕುನುಗ್ಗಲಿನಲ್ಲಿ ಲಕ್ಕಿ ಡ್ರಾ ಚೀಟಿಯಲ್ಲಿ ಬರೆಸಿಕೊಂಡ 2,000ರಲ್ಲಿ ಉಳಿದದ್ದು 1,700. ತಲುಪಿದ್ದು 1,400, ಒತ್ತಿದವರು ಬರೀ 16, ಬೇಡವೆಂದವರು 32. ತಲುಪಿದವರ ಲೆಕ್ಕದಲ್ಲಿ ಮೊದಲ ಗುಂಪಿನಲ್ಲಿ ಲಿಂಕ್ ಒತ್ತಿದವರು 4%, ಎರಡನೆಯದರಲ್ಲಿ 1%ಗೆ ಸ್ವಲ್ಪ ಮೇಲೆ. ಬೇಡವೆಂದವರು 0.3% ಮತ್ತು 2.3%. ಒಟ್ಟು ಸರಾಸರಿ ಈ ಎರಡನ್ನೂ ಮುಚ್ಚಿಹಾಕಿತ್ತು. ಪರಿಷೆಯವರಿಗೆ ಬೇಕಿದ್ದದ್ದು ಬಹುಮಾನ, ಸೀರೆಯಲ್ಲ. ಆ ಗುಂಪಿಗೆ ಕಳಿಸುವುದನ್ನು ನಿಲ್ಲಿಸಿ. ಲಿಂಕ್ ಒತ್ತಿದ 16 ಜನರನ್ನು ಮಾತ್ರ ಉಳಿಸಿಕೊಳ್ಳಿ.

3. ತಲುಪದ ಕಾರಣ ಓದಿ. ರಿಪೋರ್ಟಿನಲ್ಲಿ `EXPIRED` ಅಂದರೆ ಸಾಮಾನ್ಯವಾಗಿ ಫೋನ್ ಆಫ್ ಆಗಿತ್ತು ಅಥವಾ ಸಿಗ್ನಲ್ ಇರಲಿಲ್ಲ; ಮತ್ತೊಮ್ಮೆ ಕಳಿಸಿ ನೋಡಬಹುದು. ಪ್ರತಿ ಸಲವೂ ಅದೇ ಬಂದರೆ ತೆಗೆಯಿರಿ. ನಂಬರೇ ಇಲ್ಲವೆಂದು ಬಂದರೆ ಅವತ್ತೇ ತೆಗೆಯಿರಿ.

4. ಸತ್ತ ನಂಬರು ಎದ್ದು ಕೂತರೆ ಹಿಗ್ಗಬೇಡಿ. ಬಹಳ ದಿನ ಬಳಸದ ಸಿಮ್ಮನ್ನು ಕಂಪನಿ ರದ್ದು ಮಾಡಿ, ಕೆಲವು ತಿಂಗಳ ನಂತರ ಅದೇ ನಂಬರನ್ನು ಬೇರೆಯವರಿಗೆ ಕೊಡುತ್ತದೆ. ತಿಂಗಳುಗಟ್ಟಲೆ ತಲುಪದ ನಂಬರಿನ ಮುಂದೆ ಒಮ್ಮೆಲೇ `DELIVRD` ಕಂಡರೆ, ಅಲ್ಲಿರುವುದು ನಿಮ್ಮ ಹಳೇ ಗಿರಾಕಿ ಆಗಿರದಿರಬಹುದು. ತಲುಪಿದ ಪ್ರಮಾಣ ಏರಿ, ಲಿಂಕ್ ಒತ್ತುವವರು ಇಳಿದು, ಬೇಡವೆನ್ನುವವರು ಹೆಚ್ಚಿದರೆ ಮೊದಲು ಇಂಥ ನಂಬರುಗಳನ್ನು ಹುಡುಕಿ.

5. ಯಾರೂ ಬೇಡವೆನ್ನದಿದ್ದರೂ ಅನುಮಾನಪಡಿ. ಬೇಡವೆನ್ನುವ ದಾರಿಯೇ ಕೆಟ್ಟಿರಬಹುದು. ನಿಮ್ಮ ಫೋನಿನಿಂದಲೇ ಒಮ್ಮೆ ಮಾಡಿ ನೋಡಿ. ಅಥವಾ ಜನ ಬೇಸತ್ತು ನೇರ 1909ಕ್ಕೆ ಹೋಗುತ್ತಿರಬಹುದು. ಆಗ ಮುಂದಿನ ಹಬ್ಬದ ರಿಪೋರ್ಟಿನಲ್ಲಿ ಅದೇ ಲಿಸ್ಟಿನ ಡಿಎನ್‌ಡಿ ಸಾಲು ಬೆಳೆದಿರುತ್ತದೆ.