ಲಾಭಕ್ಕಿಂತ ಕಡಿತವೇ ದೊಡ್ಡದಾದಾಗ: ಗುತ್ತಿಗೆದಾರರಿಗೆ ಕಡಿಮೆ ಟಿಡಿಎಸ್ ಪ್ರಮಾಣಪತ್ರ

ಗುತ್ತಿಗೆ ಬಿಲ್ಲಿನಲ್ಲಿ ಆದಾಯ ತೆರಿಗೆಯನ್ನು ಮುರಿಯುವುದು ಲಾಭದ ಮೇಲಲ್ಲ, ಬಿಲ್ಲಿನ ಮೊತ್ತದ ಮೇಲೆ. ಸಿಮೆಂಟು, ಜಲ್ಲಿ, ಡೀಸೆಲ್, ಕೂಲಿ ಎಲ್ಲವೂ ಅದರಲ್ಲೇ ಸೇರಿರುತ್ತವೆ. ಗುತ್ತಿಗೆದಾರ ಒಬ್ಬ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬವಾದರೆ ಶೇ 1, ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಯಾದರೆ ಶೇ 2. ಎರಡು ರೂಪಾಯಿ ಏನು ಮಹಾ ಎನಿಸಬಹುದು. ಆದರೆ ನೂರು ರೂಪಾಯಿ ಬಿಲ್ಲಿನಲ್ಲಿ ಕೈಗುಳಿಯುವುದೇ ಎರಡು ಮೂರು ರೂಪಾಯಿ ಆಗಿರುವ ಕಸುಬಿನಲ್ಲಿ ಆ ಎರಡು ರೂಪಾಯಿ ಇಡೀ ವರ್ಷದ ಲಾಭವನ್ನೇ ಕಟ್ಟಿಹಾಕುತ್ತದೆ.

ದಾವಣಗೆರೆ ಕಡೆಯ ಒಂದು ಪಾಲುದಾರಿಕೆ ಸಂಸ್ಥೆಯ ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ರಸ್ತೆ, ಚರಂಡಿ ಕೆಲಸ. ವರ್ಷಕ್ಕೆ ಜಿಎಸ್‌ಟಿ ಬಿಟ್ಟು 6 ಕೋಟಿ ರೂಪಾಯಿ ಬಿಲ್ಲು. ಪಾಲುದಾರರ ಸಂಬಳ, ಬಡ್ಡಿ ಕಳೆದು ಸಂಸ್ಥೆಗೆ ಉಳಿಯುವ ಆದಾಯ 12 ಲಕ್ಷ. ಸಂಸ್ಥೆಗೆ ತೆರಿಗೆ ಶೇ 30, ಅದರ ಮೇಲೆ ಶೇ 4 ಸೆಸ್ ಸೇರಿದರೆ 3,74,400 ರೂಪಾಯಿ. ಆದರೆ ಶೇ 2ರಂತೆ ಬಿಲ್ಲುಗಳಲ್ಲಿ ಮುರಿದುಹೋಗುವುದು 12 ಲಕ್ಷ. ಎಂದರೆ 8,25,600 ರೂಪಾಯಿ ಸರ್ಕಾರದ ಬಳಿ ಸುಮ್ಮನೆ ಕೂರುತ್ತದೆ. ರಿಟರ್ನ್ ಹಾಕಿದ ಮೇಲೆ ಮರುಪಾವತಿ ಬರುತ್ತದೆ, ತಿಂಗಳಿಗೆ ಅರ್ಧ ಶೇಕಡಾ ಬಡ್ಡಿಯೂ ಸಿಗುತ್ತದೆ. ಆದರೆ ಅಷ್ಟರೊಳಗೆ ಅದೇ ಹಣಕ್ಕಾಗಿ ಬ್ಯಾಂಕಿನ ಓಡಿ ಖಾತೆಯಲ್ಲಿ ಹೆಚ್ಚಿನ ಬಡ್ಡಿ ಕಟ್ಟಿಯಾಗಿರುತ್ತದೆ.

ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. 1961ರ ಆದಾಯ ತೆರಿಗೆ ಕಾಯ್ದೆಯ 197ನೇ ಕಲಂ ಪ್ರಕಾರ, ನಿಜವಾಗಿ ಬರುವ ತೆರಿಗೆಗೆ ತಕ್ಕಂತೆ ಕಡಿಮೆ ದರದಲ್ಲಿ ಕಡಿತ ಮಾಡಿ ಅಥವಾ ಕಡಿತವನ್ನೇ ಮಾಡಬೇಡಿ ಎಂದು ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯಲ್ಲಿ ಇದೇ ಅವಕಾಶ 395ನೇ ಕಲಮಿನಲ್ಲಿದೆ. ಹಳೆಯ ಕಾಯ್ದೆಯಲ್ಲಿ ಇದರ ಅರ್ಜಿಗೆ ಫಾರಂ 13 ಎಂಬ ಹೆಸರು. ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಈಗಲೂ ಹಾಗೇ ಕರೆಯುತ್ತಾರೆ. ಬ್ಯಾಂಕಿಗೆ ಕೊಡುವ 15ಜಿ ನಮೂನೆಯನ್ನೇ ಇಲ್ಲಿಯೂ ಕೊಟ್ಟರಾಯಿತು ಎಂದುಕೊಳ್ಳುವವರಿದ್ದಾರೆ. ಗುತ್ತಿಗೆ ಹಣಕ್ಕೆ ಅದು ನಡೆಯುವುದಿಲ್ಲ.

ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ. www.tdscpc.gov.in ತಾಣದಲ್ಲಿ, ಅಂದರೆ ಟ್ರೇಸಸ್‌ನಲ್ಲಿ, ಸಂಸ್ಥೆಯ ಪ್ಯಾನ್ ಬಳಸಿ ತೆರಿಗೆದಾರರಾಗಿ ನೋಂದಾಯಿಸಿಕೊಳ್ಳಬೇಕು. ನಮೂನೆ ತುಂಬಿ, ದಾಖಲೆಗಳನ್ನು ಸೇರಿಸಿ, ಡಿಜಿಟಲ್ ಸಹಿ ಮುಂತಾದ ವಿಧಾನದಲ್ಲಿ ದೃಢೀಕರಿಸಿದರೆ ಅರ್ಜಿ ಟಿಡಿಎಸ್ ವಿಭಾಗದ ಅಧಿಕಾರಿಯ ಮುಂದೆ ಹೋಗುತ್ತದೆ. ಪ್ಯಾನ್ ಇಲ್ಲದ ಅರ್ಜಿಗೆ ಪ್ರಮಾಣಪತ್ರ ಸಿಗುವುದೇ ಇಲ್ಲ.

ಅಧಿಕಾರಿ ಏನನ್ನು ನೋಡಬೇಕು ಎಂಬುದನ್ನು ನಿಯಮವೇ ಹೇಳುತ್ತದೆ: ಈ ವರ್ಷದ ಅಂದಾಜು ಆದಾಯಕ್ಕೆ ಬರುವ ತೆರಿಗೆ, ಹಿಂದಿನ ನಾಲ್ಕು ವರ್ಷಗಳ ತೆರಿಗೆ, ಇಲಾಖೆಗೆ ಬಾಕಿ ಇರುವ ಹಣ, ಮತ್ತು ಅರ್ಜಿಯ ದಿನದವರೆಗೆ ಕಟ್ಟಿದ ಮುಂಗಡ ತೆರಿಗೆ ಹಾಗೂ ಆಗಲೇ ಆಗಿರುವ ಕಡಿತ. ಆದ್ದರಿಂದ ನಾಲ್ಕು ವರ್ಷಗಳ ರಿಟರ್ನ್, ಲೆಕ್ಕಪತ್ರ, ಈ ವರ್ಷದ ಅಂದಾಜು ಲಾಭ-ನಷ್ಟ ಪಟ್ಟಿ, ಕಾರ್ಯಾದೇಶಗಳ ಪ್ರತಿ, ಜಿಎಸ್‌ಟಿ ರಿಟರ್ನ್‌ಗಳು ಕೈಯಲ್ಲಿರಬೇಕು. ಕಳೆದ ವರ್ಷಗಳಲ್ಲಿ ಶೇ 4 ಲಾಭ ತೋರಿಸಿ ಈ ವರ್ಷ ಶೇ 2 ಎಂದು ಬರೆದರೆ ಕಾರಣ ಕೇಳುವುದು ಖಂಡಿತ. ಡಾಂಬರಿನ ಬೆಲೆ ಏರಿಕೆಯೇ ಕಾರಣವಾದರೆ ಖರೀದಿ ಬಿಲ್ಲುಗಳೇ ಅದನ್ನು ಹೇಳಬೇಕು, ಬಾಯಿಮಾತು ಸಾಲದು.

ಅರ್ಜಿ ಬೀಳುವ ಜಾಗ ಬಹುಪಾಲು ಬಾಕಿಯ ಕಲಮು. ಹಿಂದಿನ ಯಾವುದೋ ವರ್ಷದ ತೆರಿಗೆ ಬೇಡಿಕೆ ಪೋರ್ಟಲ್‌ನಲ್ಲಿ ಹಾಗೇ ಉಳಿದಿರುತ್ತದೆ, ಗುತ್ತಿಗೆದಾರನಿಗೆ ಗೊತ್ತೇ ಇರುವುದಿಲ್ಲ. ಇನ್ನೊಂದು ಕಡೆ, ತಾನು ಉಪಗುತ್ತಿಗೆದಾರರಿಗೆ ಕೊಟ್ಟ ಹಣದಲ್ಲಿ ತೆರಿಗೆ ಮುರಿದು ಕಟ್ಟಬೇಕಾಗಿದ್ದನ್ನು ಮಾಡಿರುವುದಿಲ್ಲ, ಅಥವಾ ತ್ರೈಮಾಸಿಕ ವಿವರಣೆ ತಡವಾಗಿ ಕೊಟ್ಟು ದಂಡ ಬಿದ್ದಿರುತ್ತದೆ. ಅದು ಸಂಸ್ಥೆಯ ಟ್ಯಾನ್ ಹೆಸರಿನಲ್ಲಿ ಕಾಣುತ್ತದೆ. ಅರ್ಜಿ ಹಾಕುವ ಮೊದಲು ಪ್ಯಾನ್ ಮತ್ತು ಟ್ಯಾನ್ ಎರಡರ ಬಾಕಿಯನ್ನೂ ನೋಡಿ, ಸರಿಯಾದದ್ದನ್ನು ಕಟ್ಟಿ, ತಪ್ಪಾದದ್ದಕ್ಕೆ ತಿದ್ದುಪಡಿ ಕೇಳಿ ಆ ಪತ್ರವನ್ನೇ ಲಗತ್ತಿಸುವುದು ಜಾಣತನ.

ನಮ್ಮ ಉದಾಹರಣೆಯ ಸಂಸ್ಥೆ ಏಪ್ರಿಲ್‌ನಲ್ಲೇ ಪ್ರಮಾಣಪತ್ರ ಪಡೆದಿದ್ದರೆ ಕೇಳಬಹುದಾಗಿದ್ದ ದರ ಶೇ 0.62ರ ಆಸುಪಾಸು, ಅಂದರೆ 6 ಕೋಟಿಯಲ್ಲಿ 3,74,400 ರೂಪಾಯಿಗೆ ತಕ್ಕ ದರ. ತಡಮಾಡಿ ಆಗಸ್ಟ್‌ನಲ್ಲಿ ಅರ್ಜಿ ಹಾಕಿತು, ಅಷ್ಟರಲ್ಲಿ 2 ಕೋಟಿ ಬಿಲ್ಲಾಗಿ 4 ಲಕ್ಷ ಮುರಿದುಹೋಗಿದೆ ಎನ್ನಿ. ವರ್ಷದ ತೆರಿಗೆ ಅಲ್ಲಿಗೇ ತೀರಿತು. ಈಗ ಉಳಿದ 4 ಕೋಟಿಗೆ ಕಡಿತವೇ ಬೇಡ ಎಂದು ಕೇಳುವುದು ನ್ಯಾಯ, ಏಕೆಂದರೆ ಆದ ಕಡಿತವನ್ನೂ ಪರಿಗಣಿಸಬೇಕೆಂದು ನಿಯಮದಲ್ಲೇ ಇದೆ. ಆದರೆ ಮುರಿದ ಆ ಹಣ ಮಾತ್ರ ವಾಪಸ್ ಬಿಲ್ಲಿಗೆ ಬರುವುದಿಲ್ಲ. ಪ್ರಮಾಣಪತ್ರ ಹೊರಬಿದ್ದ ದಿನದಿಂದಷ್ಟೇ ಅದಕ್ಕೆ ಬೆಲೆ, ಹಿಂದಿನ ಪಾವತಿಗೆ ಅನ್ವಯಿಸದು. ಹಾಗಾಗಿ ಹಣಕಾಸು ವರ್ಷ ಶುರುವಾಗುವ ಹೊತ್ತಿಗೇ ಅರ್ಜಿ ಹೋಗಿರಬೇಕು.

ಇನ್ನೊಂದು ಎಚ್ಚರ ಯಾವ ಕಚೇರಿಯ ಹೆಸರಿನಲ್ಲಿ ಪ್ರಮಾಣಪತ್ರ ಬರುತ್ತದೆ ಎನ್ನುವುದು. ಹಣ ಕೊಡುವವರ ಟ್ಯಾನ್ ಮತ್ತು ಅವರಿಂದ ಬರುವ ಅಂದಾಜು ಮೊತ್ತವನ್ನು ಅರ್ಜಿಯಲ್ಲೇ ಬರೆಯಬೇಕು. ಲೋಕೋಪಯೋಗಿ ಇಲಾಖೆ ಒಂದೇ ಆದರೂ ಬಿಲ್ಲು ಮಾಡುವ ವಿಭಾಗಗಳಿಗೆ ಬೇರೆ ಬೇರೆ ಟ್ಯಾನ್ ಇರುತ್ತದೆ. ಒಂದು ವಿಭಾಗಕ್ಕೆ 2 ಕೋಟಿಯ ಮಿತಿಯೊಂದಿಗೆ ಪತ್ರ ಬಂದರೆ, ಅಲ್ಲಿ 2 ಕೋಟಿ ದಾಟಿದ ಬಿಲ್ಲಿಗೆ ಮತ್ತೆ ಶೇ 2 ಕಡಿತ. ಪಕ್ಕದ ವಿಭಾಗದಲ್ಲಿ ಹೊಸ ಕೆಲಸ ಸಿಕ್ಕಿದರೆ ಆ ಟ್ಯಾನಿಗೂ ಬೇರೆಯೇ ಪತ್ರ ಬೇಕು. ಪತ್ರ ಕೈಗೆ ಬಂದ ಕೂಡಲೇ ಅದರ ಸಂಖ್ಯೆಯನ್ನು ವಿಭಾಗದ ಲೆಕ್ಕಪತ್ರ ಶಾಖೆಗೆ ಬರಹದಲ್ಲಿ ಕೊಡಿ. ಅವರು ತ್ರೈಮಾಸಿಕ ವಿವರಣೆಯಲ್ಲಿ ಆ ಸಂಖ್ಯೆ ನಮೂದಿಸದಿದ್ದರೆ ಕಡಿಮೆ ಮುರಿದಿದ್ದೀರಿ ಎಂಬ ನೋಟಿಸು ಅವರಿಗೆ ಹೋಗುತ್ತದೆ, ಮುಂದಿನ ಬಿಲ್ಲಿನಲ್ಲಿ ಅವರು ನಿಮ್ಮ ಪತ್ರವನ್ನು ಮುಟ್ಟಲೂ ಹಿಂಜರಿಯುತ್ತಾರೆ.

ಬಿಲ್ಲಿನಲ್ಲಿ ಕಾಣುವ ಎಲ್ಲ ಕಡಿತಕ್ಕೂ ಈ ಪತ್ರ ಮದ್ದಲ್ಲ. ಸರ್ಕಾರಿ ಕಚೇರಿಗಳು ಜಿಎಸ್‌ಟಿ ಕಾಯ್ದೆಯಡಿ ಮುರಿಯುವ ಶೇ 2, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್, ಭದ್ರತಾ ಠೇವಣಿ ಇವು ಹಾಗೇ ಇರುತ್ತವೆ. ಅಂದಹಾಗೆ ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಆ ಭಾಗದ ಮೇಲೆ ಆದಾಯ ತೆರಿಗೆ ಮುರಿಯುವಂತಿಲ್ಲ. ಇದಕ್ಕೆ ಯಾವ ಪ್ರಮಾಣಪತ್ರವೂ ಬೇಡ, ಬಿಲ್ಲು ಸರಿಯಾಗಿ ಬರೆದರೆ ಸಾಕು.

ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದಿರಬೇಕು. ನಿಯಮದಲ್ಲಿ ಹೇಳಿದ ಅಂಶಗಳನ್ನು ಬಿಟ್ಟು ಮನಸೋಇಚ್ಛೆ ದರ ನಿಗದಿಪಡಿಸಿದ ಆದೇಶಗಳನ್ನು ಹೈಕೋರ್ಟ್‌ಗಳು ಒಪ್ಪಿಲ್ಲ. ಕಾರಣ ಬಾಕಿಯಾಗಿದ್ದರೆ ಅದನ್ನು ತೀರಿಸಿ ಮತ್ತೆ ಅರ್ಜಿ ಹಾಕುವುದೇ ಹತ್ತಿರದ ದಾರಿ. ಕಾರಣವೇ ತಪ್ಪಾಗಿದ್ದರೆ ಆಯುಕ್ತರ ಮುಂದೆ ಪುನರ್‌ಪರಿಶೀಲನೆ ಕೇಳಬಹುದು, ಕೊನೆಗೆ ಹೈಕೋರ್ಟಿನ ರಿಟ್ ಇದೆ. ಮಂಜೂರಾದ ಪತ್ರವೂ ಆ ಹಣಕಾಸು ವರ್ಷಕ್ಕೆ ಮಾತ್ರ. ಮಾರ್ಚ್ 31ಕ್ಕೆ ಅದರ ಅವಧಿ ಮುಗಿಯುತ್ತದೆ, ಮುಂದಿನ ವರ್ಷದ ಬಿಲ್ಲುಗಳಿಗೆ ಮತ್ತೆ ಹೊಸ ಅರ್ಜಿಯನ್ನೇ ಹಾಕಬೇಕು.