ತಿನಿಸು ನಿಮಗಾಗಿ ಕಾಯಬೇಕು, ನೀವು ಅದಕ್ಕಲ್ಲ

1. ಬೆಳಗ್ಗೆ ಮಾಡಿ ಸಂಜೆಗೆ ಎಸೆಯಬೇಕಾದದ್ದನ್ನು ಮಾರಾಟಕ್ಕೆ ಹಿಡಿಯಬೇಡಿ. ಇಡ್ಲಿ, ಒಬ್ಬಟ್ಟು, ಊಟದ ಡಬ್ಬಿಗೆ ಗಿರಾಕಿ ಇದ್ದಾರೆ ನಿಜ. ಆದರೆ ಅವರು ಕೇಳುವ ಹೊತ್ತೇ ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತು. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಕಡೆ ಕಡಲೆಕಾಯಿ ಹೊಲದಿಂದಲೇ ಸಿಗುತ್ತದೆ. ಅದರ ಚಟ್ನಿಪುಡಿಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಒಂದು ಒಲೆ, ಒಂದು ಮಿಕ್ಸಿಯಲ್ಲಿ ಮಾಡಿ ಮುಗಿಸಬಹುದು.

2. ಬೀಜ ಆರಿಸುವುದರಲ್ಲಿ ಜಿಪುಣತನ ಬೇಡ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ ಇನ್ನೂ ಹಸಿ. ಮುರುಟಿದ, ಕಪ್ಪಾದ, ಬೂಸಲು ಹಿಡಿದ ಬೀಜ ತೆಗೆದುಬಿಡಿ. ಬೂಸಲಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗದು.

3. ಪುಡಿ ಕೆಡುವುದು ಮುಖ್ಯವಾಗಿ ಎರಡು ಕಾರಣಕ್ಕೆ: ನೀರು, ಎಣ್ಣೆ. ಹುಣಸೆಹಣ್ಣು, ಬೆಳ್ಳುಳ್ಳಿ, ಕರಿಬೇವಿನಲ್ಲಿ ತೇವ ಉಳಿದರೆ ಬೂಸಲು ಖಂಡಿತ; ಮೂರನ್ನೂ ಗರಿಗರಿಯಾಗುವವರೆಗೆ ಹುರಿಯಿರಿ. ಬೆಲ್ಲ, ಕೊಬ್ಬರಿ ಬೇಡವೇ ಬೇಡ. ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಸಿಯಲ್ಲೇ ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ, ಬೇಗ ಕಮಟು ಹಿಡಿಯುತ್ತದೆ. ಪ್ರತಿ ಸಲ ಮಾಡಿದ್ದರಲ್ಲಿ ಒಂದು ಪೊಟ್ಟಣ ಮನೆಯಲ್ಲಿಟ್ಟು ವಾರಕ್ಕೊಮ್ಮೆ ಮೂಸಿ ನೋಡಿ. ಕಮಟು ಬಂದ ವಾರಕ್ಕಿಂತ ಸಾಕಷ್ಟು ಮುಂಚಿನ ದಿನವನ್ನೇ ಚೀಟಿಯ ಮೇಲೆ ಬರೆಯಿರಿ. ಪೊಟ್ಟಣಗಳನ್ನು ಬಿಸಿಲಿಗೆ ತೂಗುಹಾಕದಂತೆ ಅಂಗಡಿಯವರಿಗೆ ಹೇಳಿ.

4. ನಿಮ್ಮ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ದರ ದಿನದಿನಕ್ಕೆ ಬೇರೆ, ಲೆಕ್ಕದ ರೀತಿ ಮಾತ್ರ ಹೀಗೆ: 2 ಕೆ.ಜಿ. ಬೀಜಕ್ಕೆ 280 ರೂಪಾಯಿ, ಒಣಮೆಣಸಿನಕಾಯಿ 50, ಉಳಿದ ಸಾಮಾನು 40, ಗ್ಯಾಸು-ಕರೆಂಟು 30, ನೂರು ಗ್ರಾಮಿನ 20 ಪೊಟ್ಟಣಕ್ಕೆ ಕವರು-ಚೀಟಿ 60. ಒಟ್ಟು 460. ಮೂರು ಗಂಟೆಯ ಕೂಲಿ 150 ಸೇರಿಸಿ, 610 ಆಯಿತು. ಅಂಗಡಿಗೆ 38 ರೂಪಾಯಿಯಂತೆ ಕೊಟ್ಟರೆ ಕೈಗೆ 760. ಉಳಿದದ್ದು 150. ನಾಲ್ಕು ಪೊಟ್ಟಣ ವಾಪಸ್ ಬಂದವೋ, ಲಾಭ ಸೊನ್ನೆ! ಅದಕ್ಕೇ ಮೊದಲು ಪರಿಚಯದ ಮನೆಗಳಿಗೆ ಮುಂಗಡ ಹೇಳಿಸಿಕೊಂಡು ಮಾಡಿ. ಸಾಲಕ್ಕೆ ಅಂಗಡಿಗೆ ತುಂಬಬೇಡಿ.

5. ಮನೆಯಲ್ಲಿ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. FoSCoS ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಚೀಟಿಯ ಮೇಲೆ ನೋಂದಣಿ ಸಂಖ್ಯೆಯ ಜೊತೆ ‘ಕಡಲೆಬೀಜ ಇದೆ’ ಎಂದು ಎದ್ದುಕಾಣುವಂತೆ ಬರೆಯಿರಿ, ಅದು ಕೆಲವರ ಮೈಗೆ ಆಗದು. ಪುಡಿ ಮಾಡುವ ದೊಡ್ಡ ಯಂತ್ರಕ್ಕೆ ಉಳಿತಾಯ ಸುರಿಯುವ ಯೋಚನೆ ಇದ್ದರೆ, ಕೊಂಡ ಮನೆಗಳು ಎರಡನೇ ಸಲ ಕೇಳುವವರೆಗೆ ತಡೆಯಿರಿ.